ಮ್ಯೂಸಿಕ್ ಕ್ಲಬ್‌ನ ಸ್ವಾಗತ ಭಾಷಣ: ಒಂದೇ ಹಾಡು ಹಿಡಿದು ಬ್ಲೂಸ್‌ನಿಂದ ಇಂದಿನವರೆಗೆ

ಕಾಲೇಜಿನ ಮ್ಯೂಸಿಕ್ ಕ್ಲಬ್‌ಗೆ ಹೊಸಬರು ಬರುವ ದಿನ ಪ್ರೆಸಿಡೆಂಟ್ ಒಂದು ಭಾಷಣ ಮಾಡಬೇಕು. ರಾಕ್ ಸಂಗೀತ ಎಲ್ಲಿಂದ ಬಂತು, ಇವತ್ತು ಎಲ್ಲಿದೆ ಅಂತ ಹೇಳಬೇಕು. ಹೆಚ್ಚಿನವರು ಮಾಡುವುದು ಒಂದೇ. ರಾಬರ್ಟ್ ಜಾನ್ಸನ್, ಚಕ್ ಬೆರ್ರಿ, ಎಲ್ವಿಸ್, ಬೀಟಲ್ಸ್, ಹೆಂಡ್ರಿಕ್ಸ್, ಬ್ಲ್ಯಾಕ್ ಸಬ್ಬತ್, ನಿರ್ವಾಣ ಅಂತ ಹೆಸರುಗಳನ್ನು ಇಸವಿಗಳ ಜೊತೆ ಓದಿಬಿಡುತ್ತಾರೆ. ಮೂರನೇ ಹೆಸರಿಗೆ ಹಿಂದಿನ ಸಾಲಿನವರು ಫೋನ್ ತೆಗೆಯುತ್ತಾರೆ. ಹೆಸರುಗಳನ್ನು ಮೊದಲೇ ಬಲ್ಲವರಿಗೆ ಅದರಲ್ಲಿ ಹೊಸದೇನೂ ಇಲ್ಲ. ಗೊತ್ತಿಲ್ಲದವರಿಗೆ ಒಂದೂ ತಲೆಗೆ ಹತ್ತುವುದಿಲ್ಲ.

ಇದಕ್ಕೆ ಬೇರೆ ದಾರಿ ಇದೆ. ಇಡೀ ಚರಿತ್ರೆ ಹೇಳಬೇಡಿ. ಒಂದು ಹಾಡನ್ನು ಹಿಡಿಯಿರಿ, ಅದು ಕೈಯಿಂದ ಕೈಗೆ ಹೋದಂತೆ ಅದರ ಹಿಂದೆ ಹೋಗಿ. ಈ ಕೆಲಸಕ್ಕೆ ನನ್ನ ಆಯ್ಕೆ 'ವೆನ್ ದ ಲೆವೀ ಬ್ರೇಕ್ಸ್'. 1929ರಲ್ಲಿ ಎರಡು ಗಿಟಾರ್ ಮೇಲೆ ಹುಟ್ಟಿದ ಬ್ಲೂಸ್ ಇದು. 1971ರಲ್ಲಿ ಇಂಗ್ಲೆಂಡಿನ ರಾಕ್ ಗುಂಪು ಲೆಡ್ ಜೆಪ್ಪೆಲಿನ್ ಇದನ್ನು ಭಾರೀ ರಾಕ್ ಮಾಡಿದರು. ಅವರ ಡ್ರಮ್ಸ್ 1986ರಲ್ಲಿ ಹಿಪ್ ಹಾಪ್ ಗುಂಪು ಬೀಸ್ಟೀ ಬಾಯ್ಸ್‌ ಆಲ್ಬಂಗೆ ಹೋಯಿತು. 2016ರಲ್ಲಿ ಅದೇ ಡ್ರಮ್ಸ್ ಬಿಯಾನ್ಸೆಯ ಹಾಡೊಂದರಲ್ಲಿ ಬಂತು. 87 ವರ್ಷ, ನಾಲ್ಕು ತುಣುಕು. ನಾಲ್ಕನ್ನೂ ಕೇಳಿಸಬಹುದು ಅನ್ನುವುದೇ ಇದರ ದೊಡ್ಡ ಅನುಕೂಲ.

ಮೊದಲು ಹೊತ್ತು ಹಂಚಿಕೊಳ್ಳಿ

ಒಟ್ಟು 12 ನಿಮಿಷ ಸಾಕು. ತುಣುಕುಗಳಿಗೆ 2 ನಿಮಿಷ, ಅಂದರೆ ಒಂದೊಂದಕ್ಕೆ ಅರ್ಧ ನಿಮಿಷ. ವೇದಿಕೆ ಮೇಲೆ ಗಿಟಾರ್ ನುಡಿಸಿ ತೋರಿಸಲು ಒಂದೂವರೆ ನಿಮಿಷ. ಕ್ಲಬ್ ಸೇರುವುದು ಹೇಗೆ ಅಂತ ಹೇಳಲು 1 ನಿಮಿಷ. ಉಳಿದ ಏಳೂವರೆ ನಿಮಿಷ ನಿಮ್ಮ ಮಾತು. ಸಮಾಧಾನವಾಗಿ ಮಾತಾಡಿದರೆ ನಿಮಿಷಕ್ಕೆ ನೂರು ಪದದ ಆಸುಪಾಸು ಆಗುತ್ತದೆ. ಹಾಗಾಗಿ ಬರೆದದ್ದು ಏಳುನೂರು ಪದ ದಾಟಿದರೆ ಕತ್ತರಿಸಬೇಕು. ಲೆಕ್ಕವನ್ನೇ ನಂಬಬೇಡಿ, ಎದ್ದು ನಿಂತು ಜೋರಾಗಿ ಓದಿ ಗಡಿಯಾರ ನೋಡಿ. ಕೂತು ಮನಸ್ಸಿನಲ್ಲೇ ಓದಿಕೊಂಡರೆ ಯಾವಾಗಲೂ ಬೇಗ ಮುಗಿಯುತ್ತದೆ, ಅದು ನಿಜವಾದ ಹೊತ್ತಲ್ಲ.

ಹಾಡಿನ ಕಥೆಯನ್ನು ಸರಿಯಾಗಿ ತಿಳಿದುಕೊಳ್ಳಿ

ಭಾಷಣದಲ್ಲಿ ಹೇಳುವುದಕ್ಕಿಂತ ಸ್ವಲ್ಪ ಜಾಸ್ತಿ ನಿಮಗೆ ಗೊತ್ತಿರಬೇಕು. ಆಗ ಮಾತಿಗೆ ಧೈರ್ಯ ಬರುತ್ತದೆ.

1927ರ ವಸಂತದಲ್ಲಿ ಅಮೆರಿಕದ ಮಿಸಿಸಿಪಿ ನದಿ ಉಕ್ಕಿ ಹರಿಯಿತು. ನದಿಯ ಉದ್ದಕ್ಕೂ ನೀರು ತಡೆಯಲು ಮಣ್ಣಿನ ಒಡ್ಡು ಕಟ್ಟಿದ್ದರು. ಅದನ್ನೇ ಅಲ್ಲಿ ಲೆವೀ ಅನ್ನುತ್ತಾರೆ. ಒಡ್ಡುಗಳು ಒಂದರ ಹಿಂದೆ ಒಂದು ಒಡೆದವು. ಲಕ್ಷಾಂತರ ಜನ ಮನೆ ಕಳೆದುಕೊಂಡರು. ಹತ್ತಿ ಹೊಲಗಳಲ್ಲಿ ದುಡಿಯುತ್ತಿದ್ದ ಕಪ್ಪು ಜನರಿಗೆ ಪೆಟ್ಟು ಜೋರಾಗಿ ಬಿತ್ತು. ಎಷ್ಟೋ ಕಡೆ ಅವರನ್ನು ಬಲವಂತದಿಂದ ಒಡ್ಡಿನ ಕೆಲಸಕ್ಕೆ ಹಚ್ಚಿದರು. ಆ ಪ್ರವಾಹದ ಬಗ್ಗೆ ಹಲವು ಬ್ಲೂಸ್ ಹಾಡುಗಳು ಬಂದವು. ಅವುಗಳಲ್ಲಿ ಇದೂ ಒಂದು.

1929ರ ಜೂನ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಇದನ್ನು ರೆಕಾರ್ಡ್ ಮಾಡಿದವರು ಕಾನ್ಸಾಸ್ ಜೋ ಮೆಕಾಯ್ ಮತ್ತು ಮೆಂಫಿಸ್ ಮಿನ್ನಿ. ಇಬ್ಬರೂ ಗಂಡ ಹೆಂಡತಿ. ಇಲ್ಲಿ ಒಂದು ವಿಷಯದಲ್ಲಿ ಎಚ್ಚರ ಬೇಕು. ಮಿನ್ನಿಯ ಹೆಸರು ಹೆಚ್ಚು ಪ್ರಸಿದ್ಧ, ಹಾಗಾಗಿ ಈ ಹಾಡನ್ನು ಹಾಡಿದವಳು ಅವಳೇ ಅಂತ ಎಷ್ಟೋ ಜನ ಹೇಳಿಬಿಡುತ್ತಾರೆ. ಕೇಳಿದರೆ ಗೊತ್ತಾಗುತ್ತದೆ, ಹಾಡುವ ದನಿ ಗಂಡಸಿನದು, ಮೆಕಾಯ್‌ನದು. ಮಿನ್ನಿ ನುಡಿಸುವುದು ಮೇಲಿನ ಗಿಟಾರ್, ಬೆರಳುಗಳಿಂದ ಮೀಟುತ್ತಾ ದನಿಯ ಸುತ್ತ ಓಡಾಡುವ ಗಿಟಾರ್. ವೇದಿಕೆ ಮೇಲೆ ತಪ್ಪು ಹೇಳಿ ತುಣುಕು ಹಾಕಿದರೆ ಅದೇ ಕ್ಷಣದಲ್ಲಿ ಎಲ್ಲರಿಗೂ ಕಾಣುತ್ತದೆ.

ಮಿನ್ನಿಯನ್ನು ಅಷ್ಟಕ್ಕೇ ಬಿಟ್ಟುಬಿಡಬೇಡಿ. ಬ್ಲೂಸ್ ಹೇಗೆ ರಾಕ್ ಆಯಿತು ಅನ್ನುವುದಕ್ಕೆ ಅವಳ ಬದುಕೇ ಉತ್ತರ. ದಕ್ಷಿಣದ ಹಳ್ಳಿಗಳಿಂದ ಉತ್ತರದ ಕಾರ್ಖಾನೆ ಊರುಗಳಿಗೆ ಕಪ್ಪು ಜನ ಲಕ್ಷಗಟ್ಟಲೆ ವಲಸೆ ಹೋದ ಕಾಲ ಅದು. ಅವಳೂ ಷಿಕಾಗೋ ಸೇರಿದಳು. ಅಲ್ಲಿ ಕ್ಲಬ್‌ಗಳಲ್ಲಿ ಜನ ತುಂಬಿರುತ್ತಿದ್ದರು, ಮಾತು, ಗ್ಲಾಸಿನ ಸದ್ದು, ಕುಣಿತ. ಮರದ ಗಿಟಾರ್ ಆ ಗಲಾಟೆಯಲ್ಲಿ ಕೇಳುತ್ತಿರಲಿಲ್ಲ. ಎಲೆಕ್ಟ್ರಿಕ್ ಗಿಟಾರ್ ಹಿಡಿದ ಮೊದಮೊದಲ ಬ್ಲೂಸ್ ಕಲಾವಿದರಲ್ಲಿ ಮಿನ್ನಿ ಒಬ್ಬಳು. 1942ರ ಕೊನೆಯ ರಾತ್ರಿ ಅವಳು ಷಿಕಾಗೋದ ಒಂದು ಕ್ಲಬ್‌ನಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸಿದ್ದನ್ನು ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಕೇಳಿ ಪತ್ರಿಕೆಯಲ್ಲಿ ಬರೆದ. ಬ್ಲೂಸ್ ಹಾಡುಗಾರ ಮಡ್ಡಿ ವಾಟರ್ಸ್ ಷಿಕಾಗೋಗೆ ಬಂದದ್ದು ಅದರ ನಂತರ, 1943ರಲ್ಲಿ. ಆತ 1958ರಲ್ಲಿ ಇಂಗ್ಲೆಂಡಿಗೆ ಹೋಗಿ ಎಲೆಕ್ಟ್ರಿಕ್ ಬ್ಲೂಸ್ ಕೇಳಿಸಿದ. ಅಲ್ಲಿನ ಹುಡುಗರು ಅಮೆರಿಕದ ಬ್ಲೂಸ್ ರೆಕಾರ್ಡುಗಳನ್ನು ಹುಡುಕಿ ಹುಡುಕಿ ಕೇಳಿದರು. 1962ರಲ್ಲಿ ಲಂಡನ್ನಿನ ಒಂದು ಗುಂಪು ಮಡ್ಡಿ ವಾಟರ್ಸ್‌ನ ಹಾಡಿನ ಹೆಸರನ್ನೇ ಇಟ್ಟುಕೊಂಡಿತು, ರೋಲಿಂಗ್ ಸ್ಟೋನ್ಸ್ ಅಂತ. ಜೆಪ್ಪೆಲಿನ್‌ನವರು ಬೆಳೆದದ್ದೂ ಇದೇ ಗಾಳಿಯಲ್ಲಿ.

ಭಾಷಣದಲ್ಲಿ 1929ಕ್ಕೂ 1971ಕ್ಕೂ ನಡುವಿನ ಸೇತುವೆಗೆ ಇಷ್ಟು ಸಾಕು. ಇಲ್ಲಿ ಚಕ್ ಬೆರ್ರಿಗೆ ಒಂದು ವಾಕ್ಯ ಕೊಡಿ, ಬೀಟಲ್ಸ್‌ಗೆ ಒಂದು. ಅದಕ್ಕಿಂತ ಜಾಸ್ತಿ ಬೇಡ. 'ಬೀಟಲ್ಸ್ ಬಿಟ್ಟಿರಿ' ಅಂತ ಆಮೇಲೆ ಯಾರಾದರೂ ಬಂದು ಜಗಳ ತೆಗೆದರೆ ಒಳ್ಳೆಯದೇ, ಅಂಥವರೇ ಕ್ಲಬ್‌ಗೆ ಬೇಕು.

ಏನು ಬದಲಾಯಿತು ಅಂತ ಕಿವಿಯಿಂದ ಹಿಡಿಯಿರಿ

ನಾಲ್ಕೂ ರೆಕಾರ್ಡುಗಳನ್ನು ಪೂರ್ತಿ ಕೇಳಿ, ಒಂದೊಂದರಲ್ಲೂ ಒಂದೇ ಒಂದು ಸಂಗತಿ ಬರೆದಿಟ್ಟುಕೊಳ್ಳಿ. ತುಣುಕು ಹಾಕುವ ಮೊದಲು ಅದನ್ನು ಹೇಳಬೇಕು. 'ಕೇಳಿ, ಚೆನ್ನಾಗಿದೆ' ಅಂದರೆ ಜನ ಸುಮ್ನೆ ಕೇಳುತ್ತಾರೆ. 'ಇದರಲ್ಲಿ ಡ್ರಮ್ಸ್ ಇದೆಯಾ ನೋಡಿ' ಅಂದರೆ ಕಿವಿ ಕೊಟ್ಟು ಕೇಳುತ್ತಾರೆ.

1929ರ ರೆಕಾರ್ಡಿನಲ್ಲಿ ಡ್ರಮ್ಸ್ ಇಲ್ಲ. ಲಯ ಪೂರ್ತಿ ಎರಡು ಗಿಟಾರ್‌ಗಳ ಮೇಲೆ. ಹಾಡು ಸುಮಾರು ಮೂರು ನಿಮಿಷದಲ್ಲಿ ಮುಗಿಯುತ್ತದೆ, ಏಕೆಂದರೆ ಆ ಕಾಲದ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಅಷ್ಟೇ ಹಿಡಿಯುತ್ತಿತ್ತು.

1971ರದು ಏಳು ನಿಮಿಷ. ಹಾಡು ಶುರುವಾಗುವುದೇ ಡ್ರಮ್ಸ್‌ನಿಂದ. ಹಾಡುಗಾರನ ದನಿ ಬರಲು ಒಂದು ನಿಮಿಷಕ್ಕಿಂತ ಜಾಸ್ತಿ ಹಿಡಿಯುತ್ತದೆ. ಈ ಡ್ರಮ್ಸ್ ಸದ್ದಿನ ಕಥೆಗೆ ಭಾಷಣದಲ್ಲಿ ಒಂದು ಪೂರ್ತಿ ನಿಮಿಷ ಕೊಡಿ, ಅದು ಅಷ್ಟು ಚೆನ್ನಾಗಿದೆ. ಇಂಗ್ಲೆಂಡಿನ ಹೆಡ್ಲಿ ಗ್ರೇಂಜ್ ಅನ್ನುವ ಹಳೆಯ ದೊಡ್ಡ ಮನೆಯಲ್ಲಿ ಅವರು ರೆಕಾರ್ಡ್ ಮಾಡುತ್ತಿದ್ದರು. ಜಾನ್ ಬಾನಮ್‌ನ ಡ್ರಮ್ಸ್ ಸೆಟ್ಟನ್ನು ಮೆಟ್ಟಿಲುಗಳ ಕೆಳಗಿನ ಹಜಾರದಲ್ಲಿ ಇಟ್ಟರು. ಆಗ ಡ್ರಮ್ಸ್‌ಗೆ ಮೈಕ್‌ಗಳನ್ನು ಹತ್ತಿರ ಇಡುವುದು ರೂಢಿ. ಸೌಂಡ್ ಎಂಜಿನಿಯರ್ ಆ್ಯಂಡಿ ಜಾನ್ಸ್ ಎರಡೇ ಮೈಕ್‌ಗಳನ್ನು ಮೇಲಿನ ಮೆಟ್ಟಿಲಿನಿಂದ ಇಳಿಬಿಟ್ಟ. ಹಾಗಾಗಿ ರೆಕಾರ್ಡ್ ಆದದ್ದು ಬರೀ ಡ್ರಮ್ಸ್ ಅಲ್ಲ, ಆ ಮನೆಯ ಗೋಡೆಗಳಿಗೆ ಬಡಿದು ವಾಪಸ್ ಬಂದ ಸದ್ದು ಕೂಡ. ಅದಕ್ಕೆ ಎಕೋ ಸೇರಿಸಿದರು. ಆಮೇಲೆ ಇಡೀ ಟೇಪನ್ನು ನಿಧಾನ ಮಾಡಿದರು. ವೇಗ ಇಳಿದಾಗ ಸ್ವರವೂ ಕೆಳಗಿಳಿಯುತ್ತದೆ, ಸದ್ದು ಇನ್ನೂ ಭಾರ ಆಗುತ್ತದೆ.

1986ರ ತುಣುಕು ಬೀಸ್ಟೀ ಬಾಯ್ಸ್‌ ಮೊದಲ ಆಲ್ಬಂನ ಮೊದಲ ಹಾಡು, 'ರೈಮಿನ್ ಆ್ಯಂಡ್ ಸ್ಟೀಲಿನ್'. ಬಾನಮ್‌ನ ಆ ಡ್ರಮ್ಸ್ ತುಂಡನ್ನೇ ಕತ್ತರಿಸಿ ಸುತ್ತಿಸಿದ್ದಾರೆ. ಇದಕ್ಕೆ ಸ್ಯಾಂಪಲ್ ಮಾಡುವುದು ಅನ್ನುತ್ತಾರೆ. ಅದರ ಮೇಲೆ ಬರುವ ಗಿಟಾರ್ ಬ್ಲ್ಯಾಕ್ ಸಬ್ಬತ್‌ನ 1971ರ 'ಸ್ವೀಟ್ ಲೀಫ್' ಹಾಡಿನದು. ಇಂಗ್ಲೆಂಡಿನ ಪಂಕ್ ಗುಂಪು ಕ್ಲ್ಯಾಶ್‌ನ ಒಂದು ತುಣುಕೂ ಅದರಲ್ಲಿದೆ. ಈ ಹಾಡನ್ನು ನಾನು ಬಿಡಲು ಒಪ್ಪದೇ ಇರುವುದು ಇದಕ್ಕೇ. ಹಾರ್ಡ್ ರಾಕ್, ಮೆಟಲ್, ಪಂಕ್ ಮೂರೂ ಒಂದು ಹಿಪ್ ಹಾಪ್ ಹಾಡಿನೊಳಗೆ ಕೂತಿವೆ. ಎಪ್ಪತ್ತರ ದಶಕವನ್ನು ಬೇರೆಯಾಗಿ ವಿವರಿಸುವ ಕೆಲಸ ನಿಮಗೆ ತಪ್ಪಿತು.

2016ರದು ಬಿಯಾನ್ಸೆಯ 'ಲೆಮನೇಡ್' ಆಲ್ಬಂನ 'ಡೋಂಟ್ ಹರ್ಟ್ ಯುವರ್‌ಸೆಲ್ಫ್'. ಜೊತೆಗೆ ಹಾಡಿದವನು ಜ್ಯಾಕ್ ವೈಟ್, ಬ್ಲೂಸ್ ಪ್ರೀತಿಯಿಂದಲೇ ರಾಕ್ ಮಾಡಿದ ವೈಟ್ ಸ್ಟ್ರೈಪ್ಸ್ ಗುಂಪಿನವನು. ಇಲ್ಲೂ ಜೆಪ್ಪೆಲಿನ್‌ನ ಅದೇ ಡ್ರಮ್ಸ್ ಬಳಸಿದ್ದಾರೆ, ಆದರೆ 1986ರ ಹಾಡಿನಷ್ಟು ಬರಿದಾಗಿ ಇಲ್ಲ. ಹಿಂದೆ ಹುಡುಕಿ ಕೇಳಬೇಕು. ಒಂದು ಎಚ್ಚರ: ಈ ಹಾಡಿನಲ್ಲಿ ಬೈಗುಳ ಇವೆ. ಪ್ರಿನ್ಸಿಪಾಲರು ಮುಂದಿನ ಸಾಲಿನಲ್ಲಿ ಕೂತಿರಬಹುದು. ಹಾಕುವ ಅರ್ಧ ನಿಮಿಷವನ್ನು ಪದ ಪದ ಕೇಳಿ ಆರಿಸಿ.

ಈಗ ಬರೆಯಿರಿ

ಸ್ವಾಗತದ ಮಾತು ಎರಡು ವಾಕ್ಯ ಮೀರಬಾರದು. ಗಣ್ಯರ ಹೆಸರು ಹೇಳಲೇಬೇಕಿದ್ದರೆ ಅದನ್ನು ನಿರೂಪಣೆ ಮಾಡುವವರಿಗೆ ಬಿಡಿ. ನೀವು ನೇರ ಹಾಡಿಗೆ ಹೋಗಿ. ಶುರು ಹೀಗಿರಬಹುದು:

"ಹೊಸದಾಗಿ ಬಂದಿರುವ ಎಲ್ಲರಿಗೂ ಮ್ಯೂಸಿಕ್ ಕ್ಲಬ್ ಪರವಾಗಿ ಸ್ವಾಗತ. ಇವತ್ತು ನಿಮಗೆ ಒಂದು ಹಾಡಿನ ಕಥೆ ಹೇಳುತ್ತೇನೆ, ನಾಲ್ಕು ಸಲ ಕೇಳಿಸುತ್ತೇನೆ. ನಾಲ್ಕು ಸಲವೂ ಅದು ಬೇರೆ ಥರ ಇರುತ್ತದೆ. ಮೊದಲನೆಯದು 1929ರದು. ಇಬ್ಬರು, ಎರಡು ಗಿಟಾರ್. ಡ್ರಮ್ಸ್ ಎಲ್ಲಿದೆ ಅಂತ ಹುಡುಕಿ."

ಇಲ್ಲಿ ಮೊದಲ ತುಣುಕು. ಅದು ನಿಂತ ಮೇಲೆ ಒಂದು ಉಸಿರು ಬಿಟ್ಟು ಮುಂದುವರಿಸಿ:

"ಡ್ರಮ್ಸ್ ಸಿಗಲಿಲ್ಲ ಅಲ್ವಾ? ಇರಲೇ ಇಲ್ಲ. ಹಾಡುತ್ತಿದ್ದವನು ಕಾನ್ಸಾಸ್ ಜೋ ಮೆಕಾಯ್. ಮೇಲೆ ಓಡಾಡುತ್ತಿದ್ದ ಗಿಟಾರ್ ಅವನ ಹೆಂಡತಿ ಮೆಂಫಿಸ್ ಮಿನ್ನಿಯದು. ಹಾಡಿನ ವಿಷಯ ಪ್ರವಾಹ. ಎರಡು ವರ್ಷ ಮುಂಚೆ ಮಿಸಿಸಿಪಿ ನದಿಯ ಒಡ್ಡು ಒಡೆದು ಲಕ್ಷಾಂತರ ಜನ ಬೀದಿಗೆ ಬಂದಿದ್ದರು. ಮಳೆ ನಿಲ್ಲದಿದ್ದರೆ ನಾವೆಲ್ಲಿ ಹೋಗುವುದು ಅಂತ ಈ ಹಾಡು ಕೇಳುತ್ತದೆ. ಮಿನ್ನಿ ಹೋದದ್ದು ಷಿಕಾಗೋಗೆ. ಅಲ್ಲಿ ಗಿಟಾರ್‌ಗೆ ಕರೆಂಟ್ ಕೊಟ್ಟಳು."

ಆ ಕೊನೆಯ ವಾಕ್ಯದಿಂದ ಷಿಕಾಗೋ, ಮಡ್ಡಿ ವಾಟರ್ಸ್, ಇಂಗ್ಲೆಂಡ್ ಅಂತ ಆರೇಳು ವಾಕ್ಯದಲ್ಲಿ ಸಾಗಿ. ಅದಾದ ಮೇಲೆ ಗಿಟಾರ್ ತೋರಿಸುವ ಭಾಗ ಬರಬೇಕು. ಏಕೆಂದರೆ ಜೆಪ್ಪೆಲಿನ್ ತುಣುಕು ಕೇಳಿದ ಮೇಲೆ ವೇದಿಕೆಯ ಸಣ್ಣ ಆಂಪ್‌ನಲ್ಲಿ ಏನು ನುಡಿಸಿದರೂ ಚಿಕ್ಕದಾಗಿ ಕೇಳುತ್ತದೆ. ಎರಡನೇ ತುಣುಕಿನ ಮುಂಚಿನ ಮಾತು ಹೀಗೆ:

"1971. ಇಂಗ್ಲೆಂಡಿನ ಒಂದು ಹಳೇ ಮನೆ. ಡ್ರಮ್ಸ್ ಮೆಟ್ಟಿಲ ಕೆಳಗಿದೆ, ಮೈಕ್ ಮೇಲಿದೆ. ನಮ್ಮ ಕಾಲೇಜಿನ ಮೆಟ್ಟಿಲ ಹತ್ತಿರ ನಿಂತು ಒಂದು ಸಲ ಚಪ್ಪಾಳೆ ತಟ್ಟಿ, ನಾನು ಏನು ಹೇಳುತ್ತಿದ್ದೇನೆ ಅಂತ ಗೊತ್ತಾಗುತ್ತದೆ. ಹಾಡು ಅದೇ. ಗುರುತು ಸಿಗುತ್ತಾ ನೋಡಿ."

ಇದಾದ ಮೇಲೆ ಒಂದು ವಿಷಯ ಹೇಳದೆ ಮುಂದೆ ಹೋಗಬೇಡಿ. ಜೆಪ್ಪೆಲಿನ್ ಆಲ್ಬಂನಲ್ಲಿ ಈ ಹಾಡಿನ ರಚನೆಕಾರರ ಸಾಲಿನಲ್ಲಿ ಗುಂಪಿನ ನಾಲ್ವರ ಜೊತೆ ಮೆಂಫಿಸ್ ಮಿನ್ನಿಯ ಹೆಸರಿದೆ. ಮೆಕಾಯ್ ಹೆಸರು ಇಲ್ಲ. ಅವನು 1950ರಲ್ಲೇ ತೀರಿಕೊಂಡಿದ್ದ. ಮಿನ್ನಿ ಪಾರ್ಶ್ವವಾಯು ಬಡಿದು ವರ್ಷಗಟ್ಟಲೆ ನರಳಿ, 1973ರಲ್ಲಿ ತೀರಿಕೊಂಡಳು. ಬ್ಲೂಸ್‌ನಿಂದ ರಾಕ್ ಬಂತು ಅನ್ನುವಾಗ ಯಾರ ಹಾಡು ಯಾರ ಹೆಸರಿನಲ್ಲಿ ಹೋಯಿತು ಅನ್ನುವ ಪ್ರಶ್ನೆಯೂ ಜೊತೆಗೇ ಬರುತ್ತದೆ. ಇದೇ ಜೆಪ್ಪೆಲಿನ್ ಮೇಲೆ ಬೇರೊಂದು ಹಾಡಿಗಾಗಿ ಬ್ಲೂಸ್ ಕವಿ ವಿಲ್ಲಿ ಡಿಕ್ಸನ್ 1985ರಲ್ಲಿ ಕೇಸ್ ಹಾಕಿದ್ದ, ಅದು ರಾಜಿಯಲ್ಲಿ ಮುಗಿಯಿತು. ಸ್ವಾಗತ ಭಾಷಣಕ್ಕೆ ಇದು ಭಾರ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಕ್ಲಬ್‌ನಲ್ಲಿ ಮುಂದೆ ಇವರೇ ಬೇರೆಯವರ ಹಾಡು ಎತ್ತಿ ನುಡಿಸುವವರು. ಮೂರು ವಾಕ್ಯ ಕೊಡಿ, ಸಾಕು.

ಮೂರನೇ ತುಣುಕಿಗೆ ಮುನ್ನ ಕೆಲಸ ಕೊಡಿ: "ಈಗ ಕೇಳಿದ ಡ್ರಮ್ಸ್ ನೆನಪಿಟ್ಟುಕೊಳ್ಳಿ. 1986. ಗುರುತು ಸಿಕ್ಕ ತಕ್ಷಣ ಕೈ ಎತ್ತಿ." ಮೊದಲ ಪೆಟ್ಟಿಗೇ ಕೈಗಳು ಏಳುತ್ತವೆ. ನಾಲ್ಕನೆಯದಕ್ಕೆ ಇದೇ ಕೆಲಸ ಮತ್ತೆ ಕೊಡಿ. ಈ ಸಲ ಕಡಿಮೆ ಕೈಗಳು ನಿಧಾನಕ್ಕೆ ಏಳುತ್ತವೆ. ಆ ವ್ಯತ್ಯಾಸದ ಬಗ್ಗೆಯೇ ಮಾತಾಡಿ: ಬ್ಲೂಸ್ ಇವತ್ತಿನ ಹಾಡುಗಳಲ್ಲಿ ಎದ್ದು ಕಾಣುವುದಿಲ್ಲ, ಒಳಗೆ ಸೇರಿಕೊಂಡಿದೆ. ಜೊತೆಗೆ ಬ್ಲೂಸನ್ನು ಬ್ಲೂಸ್ ಆಗಿಯೇ ಉಳಿಸಿಕೊಂಡವರೂ ಇದ್ದಾರೆ ಅಂತ ಒಂದು ಮಾತು ಸೇರಿಸಿ. 1999ರಲ್ಲಿ ಹುಟ್ಟಿದ ಕ್ರಿಸ್ಟೋನ್ 'ಕಿಂಗ್‌ಫಿಶ್' ಇಂಗ್ರಮ್ ಮಿಸಿಸಿಪಿಯ ಕ್ಲಾರ್ಕ್ಸ್‌ಡೇಲ್‌ನವನು. 2022ರಲ್ಲಿ ಗ್ರ್ಯಾಮಿ ಗೆದ್ದ. ಹೊಸಬರಿಗೆ ಅವನು ಬರೀ ಕೆಲವು ವರ್ಷ ದೊಡ್ಡವನು.

ಗಿಟಾರ್ ಮೇಲೆ ತೋರಿಸುವ ಒಂದೂವರೆ ನಿಮಿಷ

ಮಾತಿನಲ್ಲಿ ಎಷ್ಟು ಹೇಳಿದರೂ ಹಿಡಿಯದ ಸಂಗತಿ ಬೆರಳಿನಲ್ಲಿ ಹಿಡಿಯುತ್ತದೆ. ಒಬ್ಬ ಗಿಟಾರಿಸ್ಟ್, ಒಬ್ಬ ಡ್ರಮ್ಮರ್ ಇದ್ದರೆ ಸಾಕು. ತೋರಿಸಬೇಕಾದದ್ದು ಹನ್ನೆರಡು ಬಾರ್‌ಗಳ ಬ್ಲೂಸ್. ಒಂದು ಬಾರ್ ಅಂದರೆ ನಾಲ್ಕು ಎಣಿಕೆ. ಇ ಸ್ವರದಲ್ಲಿ ಹಿಡಿದರೆ: ನಾಲ್ಕು ಬಾರ್ ಇ, ಎರಡು ಬಾರ್ ಎ, ಮತ್ತೆ ಎರಡು ಬಾರ್ ಇ, ಒಂದು ಬಾರ್ ಬಿ, ಒಂದು ಬಾರ್ ಎ, ಕೊನೆಗೆ ಎರಡು ಬಾರ್ ಇ.

ಬೆರಳುಗಳು ಹೀಗೆ. ಇ ನುಡಿಸುವಾಗ ದಪ್ಪ ಆರನೇ ತಂತಿ ಖಾಲಿ ಬಿಟ್ಟು, ಐದನೇ ತಂತಿಯ ಎರಡನೇ ಫ್ರೆಟ್ ಒತ್ತಿ ಎರಡನ್ನೂ ಒಟ್ಟಿಗೆ ಮೀಟಿ. ಎರಡು ಸಲ ಹಾಗೆ, ಎರಡು ಸಲ ಐದನೇ ತಂತಿಯ ನಾಲ್ಕನೇ ಫ್ರೆಟ್ ಒತ್ತಿ. ಎ ಬಂದಾಗ ಇದೇ ಕೈಯನ್ನು ಒಂದು ತಂತಿ ಕೆಳಗೆ ಸರಿಸಿ: ಐದನೆಯದು ಖಾಲಿ, ನಾಲ್ಕನೇ ತಂತಿಯಲ್ಲಿ ಎರಡು ಮತ್ತು ನಾಲ್ಕನೇ ಫ್ರೆಟ್. ಬಿ ಸ್ವಲ್ಪ ಕಷ್ಟ. ಐದನೇ ತಂತಿಯ ಎರಡನೇ ಫ್ರೆಟ್ ಹಿಡಿದುಕೊಂಡೇ ನಾಲ್ಕನೇ ತಂತಿಯ ನಾಲ್ಕರಿಂದ ಆರನೇ ಫ್ರೆಟ್‌ಗೆ ಕಿರುಬೆರಳು ಚಾಚಬೇಕು. ಕೈ ಚಿಕ್ಕದಿದ್ದರೆ ಆ ಚಾಚು ಬಿಟ್ಟುಬಿಡಿ, ನಾಲ್ಕನೇ ಫ್ರೆಟ್‌ನಲ್ಲೇ ನಿಲ್ಲಿ. ಒಂದೇ ಬಾರ್, ಯಾರಿಗೂ ಗೊತ್ತಾಗುವುದಿಲ್ಲ.

ಇದನ್ನು ಮೂರು ಸಲ ನುಡಿಸಬೇಕು. ಮೊದಲ ಸಲ ನಿಧಾನ, ನಿಮಿಷಕ್ಕೆ 80 ಎಣಿಕೆ. ಮೀಟುಗಳು ಸಮವಾಗಿರಬಾರದು. ಒಂದು ಉದ್ದ, ಒಂದು ಗಿಡ್ಡ, ಓಲಾಡಿಕೊಂಡು ಹೋಗಬೇಕು. ಇದು ಬ್ಲೂಸ್‌ನ ಷಫಲ್. ಎರಡನೇ ಸಲ ವೇಗ ಎರಡರಷ್ಟು, 160. ಮೀಟುಗಳನ್ನು ಸಮ ಮಾಡಿ, ಓಲಾಟ ತೆಗೆದುಬಿಡಿ. ಚಕ್ ಬೆರ್ರಿಯ ರಾಕ್ ಆ್ಯಂಡ್ ರೋಲ್ ಎದುರಿಗೆ ಬಂದು ನಿಲ್ಲುತ್ತದೆ. ಮೂರನೇ ಸಲ ಮತ್ತೆ 80ಕ್ಕೆ ಇಳಿದು, ಡಿಸ್ಟಾರ್ಷನ್ ಪೆಡಲ್ ಒತ್ತಿ. ನಾಲ್ಕನೇ ಫ್ರೆಟ್‌ಗೆ ಹೋಗಬೇಡಿ, ಎರಡನೆಯದರಲ್ಲೇ ಇದ್ದು ಒಂದೊಂದು ಬಾರ್‌ಗೆ ಒಂದೇ ಸಲ ಬಲವಾಗಿ ಮೀಟಿ ಸದ್ದನ್ನು ಎಳೆಯಲು ಬಿಡಿ. ಅದು ಹಾರ್ಡ್ ರಾಕ್, ಮೆಟಲ್‌ನ ಬಾಗಿಲು. ಮೂರು ಸಲವೂ ನುಡಿಸಿದ್ದು ಅದೇ ಹನ್ನೆರಡು ಬಾರ್, ಅದೇ ಇ, ಎ, ಬಿ. ಬದಲಾದದ್ದು ಓಲಾಟ, ವೇಗ, ಪೆಡಲ್.

ಹನ್ನೆರಡು ಬಾರ್ ಅಂದರೆ 48 ಎಣಿಕೆ. 80ರ ವೇಗದಲ್ಲಿ ಅದು 36 ಸೆಕೆಂಡ್, 160ರಲ್ಲಿ 18. ಮೂರೂ ಸೇರಿ ಸರಿಯಾಗಿ ಒಂದೂವರೆ ನಿಮಿಷ. ನಡುವೆ ಮಾತಾಡಬೇಕಿದ್ದರೆ ಮೂರನೆಯದನ್ನು ಮೊದಲ ನಾಲ್ಕು ಬಾರ್‌ಗೇ ನಿಲ್ಲಿಸಿ.

ಎರಡನೇ ಸಲ ನುಡಿಸುವಾಗ ಸಭೆಯಿಂದ ಚಪ್ಪಾಳೆ ಹೊಡೆಸಿ. ಬಿಟ್ಟರೆ ಹೆಚ್ಚಿನವರು ಒಂದು ಮತ್ತು ಮೂರನೇ ಎಣಿಕೆಗೆ ತಟ್ಟುತ್ತಾರೆ. ರಾಕ್‌ನ ಪೆಟ್ಟು ಬೀಳುವುದು ಎರಡು ಮತ್ತು ನಾಲ್ಕಕ್ಕೆ. ನೀವೇ ಕೈ ಮೇಲೆತ್ತಿ ಎರಡಕ್ಕೆ ತಟ್ಟಿ ಶುರು ಮಾಡಿಸಿ, ಡ್ರಮ್ಮರ್‌ನ ಸ್ನೇರ್ ಪೆಟ್ಟಿನ ಜೊತೆ ಸೇರುವಂತೆ. ಜನ ತಟ್ಟುತ್ತಾ ಹೋದಂತೆ ವೇಗ ಏರುತ್ತದೆ. ಡ್ರಮ್ಮರ್ ಅವರ ಹಿಂದೆ ಓಡಬಾರದು ಅಂತ ಮೊದಲೇ ಹೇಳಿಟ್ಟುಕೊಳ್ಳಿ.

ಸೌಂಡ್ ಕೈಕೊಡದ ಹಾಗೆ

ಭಾಷಣ ಹಾಳಾಗುವುದು ಹೆಚ್ಚಾಗಿ ಇಲ್ಲೇ. ಇಂಟರ್‌ನೆಟ್‌ನಿಂದ ನೇರ ಹಾಡು ಹಾಕಬೇಡಿ. ನಡುವೆ ಜಾಹೀರಾತು ಬಂದರೆ ಕಟ್ಟಿದ್ದೆಲ್ಲ ಬಿದ್ದುಹೋಗುತ್ತದೆ. ನಾಲ್ಕು ತುಣುಕುಗಳನ್ನು ಕತ್ತರಿಸಿ, 1ರಿಂದ 4ರವರೆಗೆ ನಂಬರ್ ಹಾಕಿ ಲ್ಯಾಪ್‌ಟಾಪ್‌ನಲ್ಲಿ ಇಟ್ಟುಕೊಳ್ಳಿ. ಕೊನೆಯ ಒಂದು ಸೆಕೆಂಡ್ ಸದ್ದು ಮೆಲ್ಲಗೆ ಇಳಿಯುವಂತೆ ಮಾಡಿ, ಇಲ್ಲದಿದ್ದರೆ ಕರೆಂಟ್ ಹೋದ ಹಾಗೆ ಕೇಳುತ್ತದೆ. ನೋಟಿಫಿಕೇಷನ್ ಸದ್ದು ಆಫ್ ಮಾಡಿ.

ನಾಲ್ಕೂ ತುಣುಕುಗಳ ಸದ್ದಿನ ಮಟ್ಟ ಬೇರೆ ಬೇರೆ ಇರುತ್ತದೆ. 1929ರದು ಸಣ್ಣ ದನಿ, ಮೇಲೆ ಕರಕರ ಸದ್ದು. ಅದಕ್ಕೆ ಅಂತ ವಾಲ್ಯೂಮ್ ಏರಿಸಿ ಹಾಗೇ ಮರೆತರೆ 1986ರದು ಕಿವಿಗೆ ಬಡಿಯುತ್ತದೆ. ಕತ್ತರಿಸುವಾಗಲೇ ಎಲ್ಲವನ್ನೂ ಕಿವಿಗೆ ಒಂದೇ ಮಟ್ಟ ಅನ್ನಿಸುವಂತೆ ಸರಿ ಮಾಡಿ, ಜೆಪ್ಪೆಲಿನ್ ಒಂದನ್ನು ಮಾತ್ರ ಕೂದಲೆಳೆಯಷ್ಟು ಮೇಲಿಡಿ. ಪರೀಕ್ಷೆ ಮಾಡುವುದು ಹಾಲ್‌ನ ಸ್ಪೀಕರ್‌ನಲ್ಲೇ ಆಗಬೇಕು. ಬಾನಮ್‌ನ ಡ್ರಮ್ಸ್‌ನ ಕೆಳಗಿನ ಸದ್ದು ಫೋನ್ ಸ್ಪೀಕರ್‌ನಲ್ಲಿ ಬರುವುದೇ ಇಲ್ಲ, ಅದಿಲ್ಲದೆ ಮೆಟ್ಟಿಲ ಕಥೆಗೆ ಅರ್ಥವಿಲ್ಲ. ಖಾಲಿ ಹಾಲ್‌ನಲ್ಲಿ ಸದ್ದು ಗುಂಯ್‌ಗುಡುತ್ತದೆ. ಜನ ತುಂಬಿದ ಮೇಲೆ ಅವರೇ ಸದ್ದು ಹೀರಿಕೊಳ್ಳುತ್ತಾರೆ, ಆಗ ಸ್ವಲ್ಪ ಏರಿಸಬೇಕಾಗುತ್ತದೆ.

ತುಣುಕು ಹಾಕುವ ಕೆಲಸ ನೀವು ಮಾಡಬೇಡಿ, ಇನ್ನೊಬ್ಬರಿಗೆ ಕೊಡಿ. ಪ್ರತಿ ತುಣುಕಿಗೂ ಹಿಂದಿನ ಕೊನೆಯ ಪದ ಯಾವುದು ಅಂತ ಅವರ ಹಾಳೆಯಲ್ಲಿ ಬರೆದಿರಲಿ. ಮೊದಲನೆಯದಕ್ಕೆ 'ಹುಡುಕಿ', ಎರಡನೆಯದಕ್ಕೆ 'ನೋಡಿ', ಮೂರನೆಯದಕ್ಕೆ 'ಎತ್ತಿ'. ಆ ಪದ ಬಂದ ಕೂಡಲೇ ಹಾಡು ಬರಬೇಕು. ವೇದಿಕೆಯಿಂದ 'ಹಾಕಪ್ಪಾ' ಅಂತ ಕೂಗುವ ಹಾಗಾಗಬಾರದು. ಸೌಂಡ್ ಪೂರ್ತಿ ಕೈಕೊಟ್ಟರೆ ಗಿಟಾರ್ ಭಾಗವನ್ನು ಮುಂದಕ್ಕೆ ತಂದು, ತುಣುಕುಗಳ ಬದಲು ಡ್ರಮ್ಮರ್‌ನಿಂದ ಆ ಲಯ ನುಡಿಸಿ. ಹಾಗಾಗಿ ಡ್ರಮ್ಮರ್ ಅದನ್ನು ಮೊದಲೇ ಕಲಿತಿರಲಿ.

ಹೇಳಬಾರದ ಕೆಲವು ಮಾತುಗಳು

'ಮೊದಲ ರಾಕ್ ಹಾಡು ಇದು' ಅಂತ ಯಾವುದನ್ನೂ ಹೇಳಬೇಡಿ. 1951ರ 'ರಾಕೆಟ್ 88' ಅನ್ನುವವರಿದ್ದಾರೆ, ನಲವತ್ತರ ದಶಕದಲ್ಲೇ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಭಕ್ತಿಗೀತೆ ಹಾಡಿದ ಸಿಸ್ಟರ್ ರೊಸೆಟ್ಟಾ ಥಾರ್ಪ್ ಕಡೆ ಬೆರಳು ತೋರಿಸುವವರಿದ್ದಾರೆ. ಇದು ಮುಗಿಯದ ವಾದ. ಎಲ್ವಿಸ್ ರಾಕ್ ಹುಟ್ಟಿಸಿದ ಅನ್ನುವುದೂ ಬೇಡ. ಅವನ 1956ರ 'ಹೌಂಡ್ ಡಾಗ್' ಹಾಡನ್ನು ಬಿಗ್ ಮಾಮಾ ಥಾರ್ನ್‌ಟನ್ 1952ರಲ್ಲೇ ರೆಕಾರ್ಡ್ ಮಾಡಿದ್ದಳು. ರಾಬರ್ಟ್ ಜಾನ್ಸನ್ ನಾಲ್ಕು ದಾರಿ ಕೂಡುವಲ್ಲಿ ಸೈತಾನನಿಗೆ ಆತ್ಮ ಮಾರಿದ ಕಥೆ ಹೇಳುವ ಆಸೆ ಎಲ್ಲರಿಗೂ ಇರುತ್ತದೆ. ಅದು ದಂತಕಥೆ. ಹೇಳಿದರೆ ಅವನು ಕೂತು ಕಲಿತ ಗಿಟಾರ್ ಮರೆಯಾಗುತ್ತದೆ. ನಮ್ಮ ಹಾಡಿನ ದಾರಿಯಲ್ಲಿ ಅವನು ಬರುವುದೂ ಇಲ್ಲ, ಬಿಟ್ಟುಬಿಡಿ.

ಇವತ್ತಿನ ಬಗ್ಗೆ ಮಾತಾಡುವಾಗ 'ಈಗ ರಾಕ್ ಸತ್ತಿದೆ' ಅನ್ನುವುದು ಇನ್ನೊಂದು ಕೆಟ್ಟ ಅಭ್ಯಾಸ. ಎದುರಿಗೆ ಕೂತವರಿಗೆ ಅವರು ತಡವಾಗಿ ಬಂದಿದ್ದಾರೆ ಅಂತ ಹೇಳಿದ ಹಾಗಾಗುತ್ತದೆ.

ಮುಗಿಸುವುದು

ನಾಲ್ಕನೇ ತುಣುಕಿನ ಮಾತು ಮುಗಿದ ಕೂಡಲೇ ಕ್ಲಬ್‌ಗೆ ಬನ್ನಿ. ಇಲ್ಲಿ ಬೇಕಾದದ್ದು ಸ್ಪಷ್ಟ ಸೂಚನೆ: ಪ್ರ್ಯಾಕ್ಟೀಸ್ ಯಾವ ದಿನ, ಎಷ್ಟು ಗಂಟೆಗೆ, ಯಾವ ಕೋಣೆ, ವಾದ್ಯ ಇಲ್ಲದವರು ಏನು ಮಾಡಬೇಕು, ಹೆಸರು ಯಾರ ಹತ್ತಿರ ಕೊಡಬೇಕು. ವಾದ್ಯ ಬಾರದವರ ಮಾತನ್ನು ಮರೆಯಬೇಡಿ. ಸಭೆಯಲ್ಲಿ ಅವರೇ ಜಾಸ್ತಿ ಇರುತ್ತಾರೆ, ಕೇಳಲು ಹಿಂಜರಿಯುತ್ತಾರೆ. ಹೀಗೆ ಹೇಳಬಹುದು:

"ಗಿಟಾರ್ ಬರದಿದ್ದರೂ ಬನ್ನಿ. ಈಗ ನುಡಿಸಿದ ಹನ್ನೆರಡು ಬಾರ್‌ಗಳನ್ನು ಮೊದಲ ವಾರ ಎಲ್ಲರಿಗೂ ಕಲಿಸುತ್ತೇವೆ. ಸೌಂಡ್ ಬೋರ್ಡ್ ಕಲಿಯಬೇಕು ಅನ್ನುವವರೂ ಬನ್ನಿ, ಆ ಮೆಟ್ಟಿಲ ಮೈಕ್ ನೆನಪಿದೆಯಲ್ಲ. ಹೆಸರು ಕೊಡುವಾಗ ನಾಲ್ಕರಲ್ಲಿ ಯಾವ ತುಣುಕು ಇಷ್ಟ ಆಯಿತು ಅಂತ ಪಕ್ಕದಲ್ಲಿ ಬರೆಯಿರಿ."

ಆ ಕೊನೆಯ ಸಾಲಿನಿಂದ ನಿಮಗೆ ಕೆಲಸಕ್ಕೆ ಬರುವ ಮಾಹಿತಿ ಸಿಗುತ್ತದೆ. ಒಂದು ಎಂದು ಬರೆದವರಿಗೆ ಮರದ ಗಿಟಾರ್, ಬೆರಳಲ್ಲಿ ಮೀಟುವುದು. ಎರಡು ಅಂದವರನ್ನು ಡ್ರಮ್ಮರ್ ಮತ್ತು ಬ್ಯಾಂಡ್‌ನ ಕಡೆ ಕಳಿಸಿ. ಮೂರು ಬರೆದವರಿಗೆ ಲ್ಯಾಪ್‌ಟಾಪ್‌ನಲ್ಲಿ ತುಣುಕು ಕತ್ತರಿಸಿ ಸುತ್ತಿಸುವುದನ್ನು ತೋರಿಸಿ. ನಾಲ್ಕು ಅಂದವರಲ್ಲಿ ಹಾಡುವವರು ಇರುವ ಸಾಧ್ಯತೆ ಜಾಸ್ತಿ, ಮೊದಲು ಅವರನ್ನು ಮೈಕ್ ಮುಂದೆ ನಿಲ್ಲಿಸಿ ನೋಡಿ. ನಾಲ್ಕೂ ಹಾಡುಗಳ ಹೆಸರು, ಹಾಡಿದವರ ಹೆಸರು, ಇಸವಿ ಬರೆದ ಒಂದು ಹಾಳೆಯನ್ನು ಹೆಸರು ಬರೆಸುವ ಮೇಜಿನ ಮೇಲೆ ಇಟ್ಟಿರಿ. ಕಾನ್ಸಾಸ್ ಜೋ ಮೆಕಾಯ್ ಹೆಸರೂ ಅದರಲ್ಲಿರಲಿ.